ನೈಟ್ ಅಲೋಯನ್ಸ್ ಸಂಬಳ ಅಲ್ಲ ಕಣ್ರೋ

1/9
ಮೊದಲನೇ ಫೋಟೋ ನೋಡಿ. ಆಫೀಸ್ ಕ್ಯಾಂಟೀನ್, ಬೆಳಗಿನ ಜಾವ ಮೂರು ಗಂಟೆ, ಕಪ್ ನೂಡಲ್ಸ್, ಪಕ್ಕದಲ್ಲಿ ನನ್ನ ಐಡಿ ಕಾರ್ಡ್. ಇದನ್ನ 2022ರಲ್ಲಿ ಕೆಲಸಕ್ಕೆ ಸೇರಿದ ಎರಡನೇ ವಾರ ಇದೇ ಪೇಜಲ್ಲಿ ಹಾಕಿದ್ದೆ. ದುರ್ಗದ ಹಾಸ್ಟೆಲ್ ಗೆಳತಿಯರೆಲ್ಲ ಬೆಂಕಿ ಇಮೋಜಿ ಹಾಕಿದ್ರು. ಆಗ ನಂಗೂ ಅದು ಹೆಮ್ಮೆನೇ. ನಮ್ಮನೇಲಿ ಕುರ್ಚಿ ಮೇಲೆ ಕೂತು ದುಡಿದು ಸಂಬಳ ತಂದವರಲ್ಲಿ ನಾನೇ ಮೊದಲು.

ಹೋದ ವಾರ ಜೂನಿಯರ್ ಒಬ್ಬಳು ಮೆಸೇಜ್ ಮಾಡಿದ್ಲು. "ಅಕ್ಕಾ, ಎರಡು ಆಫರ್ ಬಂದಿದೆ. ಒಂದು ಡೇ ಶಿಫ್ಟ್, ಇನ್ನೊಂದು ಯುಎಸ್ ಶಿಫ್ಟ್. ಯುಎಸ್ ಶಿಫ್ಟ್‌ದು ಕೈಗೆ ಆರು ಸಾವಿರ ಜಾಸ್ತಿ ಬರುತ್ತೆ. ಮನೇಲಿ ಜಾಸ್ತಿ ಬರೋದನ್ನೇ ತಗೋ ಅಂತಿದ್ದಾರೆ. ಏನ್ಮಾಡ್ಲಿ?" ಅವಳಿಗೆ ವಾಯ್ಸ್ ನೋಟ್ ಕಳಿಸೋಕೆ ಕೂತೆ. ಹನ್ನೊಂದು ನಿಮಿಷ ಆಯ್ತು, ಆದ್ರೂ ಮುಗೀಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಈ ವರ್ಷ ಬೆಂಗಳೂರಿಗೆ ಬರ್ತಿರೋ ಎಲ್ಲರಿಗೂ ಇದು.

ನೈಟ್ ಶಿಫ್ಟ್ ಮಾಡಲೇಬೇಡಿ ಅಂತ ನಾನು ಹೇಳಲ್ಲ. ಮಾಡ್ಬೇಕಾಗಿ ಬಂದ್ರೆ ಮಾಡಿ. ನಾನು ಜಗಳಕ್ಕೆ ನಿಂತಿರೋದು ಒಂದೇ ವಿಷಯಕ್ಕೆ. ಆ ಆರು ಸಾವಿರವನ್ನ ನೀವು, ನಿಮ್ಮ ಮನೆಯವರು, ನಿಮಗೆ ಸಾಲ ಕೊಡೋ ಆ್ಯಪ್‌ನೋರು, ಎಲ್ಲರೂ ಸೇರಿ ಸಂಬಳ ಅಂತ ಕರೀತಿದ್ದೀರಿ. ಅದು ಸಂಬಳ ಅಲ್ಲ. ಅದನ್ನ ಸಂಬಳ ಅಂದ್ಕೊಂಡು ನಾನು ಏನು ಮಾಡ್ಕೊಂಡೆ ಅನ್ನೋದನ್ನ ಲೆಕ್ಕ ಸಮೇತ ಹೇಳ್ತೀನಿ.

2/9
ನನ್ನ ಕೆಲಸ ಪ್ರೊಡಕ್ಷನ್ ಸಪೋರ್ಟ್. ಕೋಡ್ ಬರೆಯೋದು ಕಮ್ಮಿ, ಕಾಯೋದು ಜಾಸ್ತಿ. ಅಮೆರಿಕದ ಕ್ಲೈಂಟ್‌ನ ಸರ್ವರ್‌ಗಳು ನಡೀತಿರಬೇಕು. ಕೆಟ್ರೆ ಟಿಕೆಟ್ ಬರುತ್ತೆ. ಪಿ1 ಅಂತ ಬಂದ್ರೆ ಹದಿನೈದು ನಿಮಿಷದೊಳಗೆ "ನೋಡ್ತಿದ್ದೀನಿ" ಅಂತ ಉತ್ತರ ಹೋಗ್ಬೇಕು, ಇಲ್ಲಾಂದ್ರೆ ಎಸ್ಕಲೇಷನ್. ಮಧ್ಯರಾತ್ರಿ ಬರೋ ಅಲರ್ಟ್‌ಗಳಲ್ಲಿ ಎಷ್ಟೋ ಸಲ ಡಿಸ್ಕ್ ತುಂಬಿರುತ್ತೆ ಅಷ್ಟೇ. `df -h` ಹೊಡೆದು ಯಾವುದು ತುಂಬಿದೆ ನೋಡು, ಹಳೇ ಲಾಗ್ ತೆಗಿ, ಟಿಕೆಟ್ ಮುಚ್ಚು. ಊರಲ್ಲಿ ಅಮ್ಮನಿಗೆ ಇದನ್ನ ವಿವರಿಸಿದಾಗ, "ಅಂದ್ರೆ ಹಗೇವು ತುಂಬೈತಾ ಅಂತ ನೋಡೋ ಕೆಲ್ಸ" ಅಂದ್ಲು. ನಂಗೆ ಟ್ರೈನಿಂಗ್ ಕೊಟ್ಟವರು ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಟೈಮ್ ಸಂಜೆ 6:30ರಿಂದ ಬೆಳಗಿನ ಜಾವ 3:30. ಅಲ್ಲಿ ನ್ಯೂಯಾರ್ಕಲ್ಲಿ ಬೆಳಗ್ಗೆ ಒಂಬತ್ತು ಆದಾಗ ಇಲ್ಲಿ ಸಂಜೆ ಆರೂವರೆ. ಆದ್ರೆ ಇದು ಬೇಸಿಗೆ ಲೆಕ್ಕ. ನವೆಂಬರ್ ಮೊದಲನೇ ಭಾನುವಾರ ಅವರು ಗಡಿಯಾರನ ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ. ಆಗ ನಮ್ಮ ಶಿಫ್ಟ್ 7:30ರಿಂದ 4:30 ಆಗುತ್ತೆ. ಮಾರ್ಚ್ ಎರಡನೇ ಭಾನುವಾರ ಮುಂದಕ್ಕೆ ತಿರುಗಿಸ್ತಾರೆ, ಮತ್ತೆ ವಾಪಸ್ 6:30. ಇಂಡಿಯಾದಲ್ಲಿ ಗಡಿಯಾರ ಮುಟ್ಟೋರಿಲ್ಲ. ಆದ್ರೆ ವರ್ಷಕ್ಕೆರಡು ಸಲ ನನ್ನ ಊಟ, ನಿದ್ದೆ, ಕ್ಯಾಬ್, ಅಮ್ಮನ ಫೋನ್, ಎಲ್ಲದರ ಟೈಮೂ ಬದಲಾಗುತ್ತೆ. ಆಫರ್ ಲೆಟರಲ್ಲಿ ಇದು ಬರೆದಿರಲ್ಲ. "ಬಿಸಿನೆಸ್ ನೀಡ್ ಪ್ರಕಾರ ಶಿಫ್ಟ್" ಅನ್ನೋ ಒಂದು ಸಾಲಿನೊಳಗೆ ಇದೆಲ್ಲ ಅಡಗಿರುತ್ತೆ.

3/9
ಈಗ ಪೇಸ್ಲಿಪ್. ಮೂರನೇ ಫೋಟೋದಲ್ಲಿ ಹೆಸರು, ನಂಬರ್ ಮುಚ್ಚಿದ್ದೀನಿ, ಉಳಿದಿದ್ದು ಓದಿ.

ಕ್ಯಾಂಪಸ್ಸಲ್ಲಿ ಹೇಳಿದ್ದು 4.2 ಲಕ್ಷ. ಹನ್ನೆರಡರಿಂದ ಭಾಗಿಸಿದ್ರೆ ತಿಂಗಳಿಗೆ 35,000. ಊರಲ್ಲಿ ಆ ಲೆಕ್ಕ ಮಾಡ್ದೇ ಇದ್ದೋರು ಯಾರೂ ಇಲ್ಲ. ಆ 35,000ದಲ್ಲಿ 3,500 ವೇರಿಯಬಲ್ ಪೇ, ಅಂದ್ರೆ ವರ್ಷದ ಕೊನೆಗೆ ಅವರ ಮನಸ್ಸಿಗೆ ಬಂದಷ್ಟು. ನನ್ನ ಬೇಸಿಕ್ 14,000. ಅದರ ಮೇಲೆ ಕಂಪನಿ ಕಟ್ಟೋ ಪಿಎಫ್ 1,680, ಅದೂ ಈ 35,000ದೊಳಗೇ ಸೇರಿದೆ. ಗ್ರಾಚ್ಯುಟಿ ಅಂತ 673 ತೋರಿಸ್ತಾರೆ. ಐದು ವರ್ಷ ತುಂಬೋಕೆ ಮುಂಚೆ ನನ್ನಂಥ ಪರ್ಮನೆಂಟ್ ಎಂಪ್ಲಾಯಿ ಬಿಟ್ಟು ಹೋದ್ರೆ ಅದು ಸಿಗಲ್ಲ. ಇನ್ಶೂರೆನ್ಸ್‌ಗೆ 600. ಇಷ್ಟು ಹೋದ ಮೇಲೆ 28,547. ಅದರಲ್ಲಿ ನನ್ನ ಪಾಲಿನ ಪಿಎಫ್ 1,680, ಪ್ರೊಫೆಷನಲ್ ಟ್ಯಾಕ್ಸ್ 200 ಕಳೆದ್ರೆ 26,667. ನನ್ನ ನಿಜವಾದ ಸಂಬಳ ಇಷ್ಟೇ.

ಅದರ ಕೆಳಗೆ ಬೇರೆ ಒಂದು ಸಾಲು. ನೈಟ್ ಶಿಫ್ಟ್ ಅಲೋಯನ್ಸ್, 22 ರಾತ್ರಿ, ರಾತ್ರಿಗೆ 300, ಒಟ್ಟು 6,600. ಬ್ಯಾಂಕಿಗೆ ಬಿದ್ದಿದ್ದು 33,267. ಮೊದಲ ತಿಂಗಳು ಅಪ್ಪನಿಗೆ ಫೋನ್ ಮಾಡಿ ಹೇಳ್ದೆ, "ಅಪ್ಪಾ, ಮೂವತ್ಮೂರು ಸಾವಿರ ಬಂತು." ಅಪ್ಪ ಏನೂ ಮಾತಾಡ್ಲಿಲ್ಲ, ಸ್ವಲ್ಪ ಹೊತ್ತು ಬರೀ ಉಸಿರು ಕೇಳಿಸ್ತು. ಅವತ್ತು ನಾನು 26,667 ಅಂತ ಹೇಳಿದ್ರೂ ಅವರು ಅಷ್ಟೇ ಖುಷಿಪಡ್ತಿದ್ರು. ನನ್ನ ಮೊದಲನೇ ತಪ್ಪು ಅಲ್ಲೇ ಆಗಿದ್ದು.

ಯಾಕಂದ್ರೆ ಆ 6,600ರ ಗುಣವೇ ಬೇರೆ. ರಜಾ ಹಾಕಿದ್ರೆ ಆ ರಾತ್ರಿದು ಬರಲ್ಲ. ಜ್ವರ ಬಂದ್ರೂ ಇಲ್ಲ. ನಮ್ಮಲ್ಲಿ ಅದಕ್ಕೆ ಪಿಎಫ್ ಲೆಕ್ಕ ಹಾಕಲ್ಲ. ವರ್ಷದ ಹೈಕ್ ಸಂಬಳದ ಮೇಲೆ ಬರುತ್ತೆ, ಅದರ ಮೇಲೆ ಬರಲ್ಲ. ನಾನು ಸೇರಿದಾಗ 300, ಇವತ್ತೂ 300. ಪಿಜಿ ಬಾಡಿಗೆ, ಟೊಮ್ಯಾಟೋ, ಬಸ್ ಚಾರ್ಜು ಎಲ್ಲಾ ಏರಿದೆ. ರಾತ್ರಿಯ ರೇಟು ಮಾತ್ರ ಏರಿಲ್ಲ.

4/9
2023ರಲ್ಲಿ ಮಳೆ ಕೈಕೊಡ್ತು, ನಿಮಗೆಲ್ಲ ನೆನಪಿದೆ. ರಾಜ್ಯದ ಬಹುತೇಕ ತಾಲ್ಲೂಕುಗಳು ಬರದ ಪಟ್ಟಿ ಸೇರಿದ ವರ್ಷ ಅದು. ನಮ್ಮದು ಹೊಸದುರ್ಗ ತಾಲ್ಲೂಕು. ಎರಡೂವರೆ ಎಕರೆ, ತೆಂಗು, ಮಧ್ಯೆ ಒಂದಿಷ್ಟು ಅಡಿಕೆ. 2024ರ ಫೆಬ್ರುವರಿಗೆ ಹಳೇ ಬೋರು ಗಾಳಿ ಕಕ್ಕೋಕೆ ಶುರು ಮಾಡ್ತು. ತೆಂಗಿನ ಗರಿ ಜೋಲು ಬಿದ್ದಿರೋ ಫೋಟೋ ಅಮ್ಮ ವಾಟ್ಸಾಪಲ್ಲಿ ಕಳಿಸಿದ್ಲು. ಕೆಳಗೆ ಏನೂ ಬರೆದಿರಲಿಲ್ಲ.

ನನ್ನತ್ರ ದುಡ್ಡು ಕೇಳೋಕೆ ಅಪ್ಪನಿಗೆ ಇಷ್ಟ ಇರಲಿಲ್ಲ. ಮಗಳ ದುಡ್ಡು ತಿನ್ನಬಾರದು ಅನ್ನೋ ಮಾತು ನಮ್ಮ ಕಡೆ ಇನ್ನೂ ಇದೆಯಲ್ಲ. ಕೊನೆಗೆ "ಸಾಲ ಅಂತ ಕೊಡು, ಅಡಿಕೆ ಬಂದ್ಮೇಲೆ ತೀರಿಸ್ತೀನಿ" ಅಂದ್ರು. ಸೊಸೈಟಿಲಿ ವಿಚಾರಿಸೋಕೆ ನಾನೂ ಹೇಳಲಿಲ್ಲ, ಅವರಿಗೂ ತಾಳ್ಮೆ ಇರಲಿಲ್ಲ. ಮರ ಒಣಗ್ತಿರೋವಾಗ ಪಹಣಿ, ಮೀಟಿಂಗು, ಜಾಮೀನು ಅಂತ ಯಾರು ಓಡಾಡ್ತಾರೆ? ನನ್ನ ಫೋನಲ್ಲಿ ಆ್ಯಪ್ ಇತ್ತು. ಮೂರು ತಿಂಗಳ ಪೇಸ್ಲಿಪ್ ಹಾಕಿದೆ. ಇಪ್ಪತ್ತು ನಿಮಿಷಕ್ಕೆ ಮೂರು ಲಕ್ಷ ಪಾಸ್. ಬಡ್ಡಿ 14 ಪರ್ಸೆಂಟ್, 36 ಕಂತು, ತಿಂಗಳಿಗೆ 10,253. ಆ್ಯಪ್ ನೋಡಿದ್ದು 26,667 ಅಲ್ಲ, 33,267. ನನ್ನ ರಾತ್ರಿಗಳನ್ನೂ ಲೆಕ್ಕಕ್ಕೆ ತಗೊಂಡೇ ಸಾಲ ಕೊಡ್ತು. ಅವತ್ತು ನಂಗೆ ಅದು ಹೊಳೀಲಿಲ್ಲ.

ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡೋರು ಬಂದ್ರು, ಕಲ್ಲು ಇಟ್ರು. ರಾತ್ರಿ ಲಾರಿ ಬಂತು. ನಾನು ಶಿಫ್ಟಲ್ಲಿದ್ದೆ, ತಮ್ಮ ವಿಡಿಯೋ ಕಾಲ್ ಮಾಡಿ ಟೇಬಲ್ ಮೇಲೆ ಮ್ಯೂಟಲ್ಲಿ ಇಡಿಸಿದ್ದ. ಒಂದು ಕಡೆ ಅಮೆರಿಕದ ಸರ್ವರ್ ಅಲರ್ಟ್, ಇನ್ನೊಂದು ಕಡೆ ನಮ್ಮ ತೋಟದಲ್ಲಿ ಏಳೋ ಧೂಳು. ಆರುನೂರು ಅಡಿಗೆ ಪುಡಿ ಸ್ವಲ್ಪ ತೇವ ಆಯ್ತು. ಆಮೇಲೆ ಮತ್ತೆ ಬರೀ ಬಿಳಿ ಧೂಳು. 780 ಅಡಿಗೆ ನಿಲ್ಲಿಸಿದ್ರು. 1,05,000 ಹೋಯ್ತು. ಮೂರು ದಿನ ಬಿಟ್ಟು ಇನ್ನೊಂದು ಪಾಯಿಂಟ್. ಅಲ್ಲಿ 920 ಅಡಿಗೆ ಒಂದೂವರೆ ಇಂಚು ನೀರು. 1,40,000. ಕೆಳಗೆ ಹೋದಷ್ಟೂ ಅಡಿಯ ರೇಟು ಏರುತ್ತೆ, ಗೊತ್ತಲ್ಲ, ಮೊದಲ ಮುನ್ನೂರು ಅಡಿಗೆ ಒಂದು ರೇಟು, ಆಮೇಲೆ ನೂರು ಅಡಿಗೊಂದು ರೇಟು. ಮೋಟಾರು, ಪೈಪು, ಕೇಬಲ್ಲು ಅಂಗಡಿ ಸಾಲ.

ನೀರು ಬಂದ ದಿನ ಅಪ್ಪ ಪೈಪಿನ ಮುಂದೆ ನಿಂತಿರೋದೇ ನಾಲ್ಕನೇ ಫೋಟೋ. ಚೆನ್ನಾಗಿದೆ ಫೋಟೋ. ಅಳಿಸಲ್ಲ.

5/9
ಹನ್ನೊಂದು ತಿಂಗಳಿಗೆ ಒಂದೂವರೆ ಇಂಚು ಅರ್ಧ ಇಂಚಿಗೆ ಬಂತು.

ಇದರಲ್ಲಿ ಯಾರ ಶಾಪವೂ ಇಲ್ಲ. ನಮ್ಮ ಕಡೆ ಕೆಳಗೆ ಇರೋದು ಗಟ್ಟಿ ಬಂಡೆ. ನೀರು ನಿಲ್ಲೋದು ಆ ಬಂಡೆಯ ಬಿರುಕುಗಳಲ್ಲಿ ಮಾತ್ರ, ಕೆರೆ ಥರ ಹರಡಿಕೊಂಡಿರಲ್ಲ. ನನ್ನ ಬೋರು ಸಿಕ್ಕಿಸಿಕೊಂಡ ಬಿರುಕನ್ನೇ ಪಕ್ಕದ ತೋಟದ ಸಾವಿರ ಅಡಿ ಬೋರೂ ಸಿಕ್ಕಿಸಿಕೊಂಡ್ರೆ ನೀರು ಆ ಕಡೆಗೆ ಇಳಿಯುತ್ತೆ. ಆ ಬೇಸಿಗೆಲಿ ನಮ್ಮ ಸುತ್ತಮುತ್ತ ಐದು ಹೊಸ ಬೋರು ಬಿತ್ತು. ಅದರಲ್ಲಿ ಮೂರು ನಮ್ಮಂಥ ಮಕ್ಕಳ ದುಡ್ಡು, ಒಬ್ಬ ಸಾಫ್ಟ್‌ವೇರು, ಒಬ್ಬ ಡೆಲಿವರಿ, ಒಬ್ಬಳು ನರ್ಸು. ಬೆಂಗಳೂರಲ್ಲಿ ನಾವು ಫ್ರೆಂಡ್ಸು, ಅಲ್ಲಿ ನೆಲದ ಕೆಳಗೆ ಒಬ್ಬರ ಸಂಬಳ ಇನ್ನೊಬ್ಬರ ಸಂಬಳವನ್ನ ಹೀರ್ತಾ ಇತ್ತು. 2025ರ ಜನವರಿಲಿ ಮಾರಿಕಣಿವೆ ಕೋಡಿ ಬಿತ್ತು, ಹಿರಿಯೂರಿನ ಗೆಳತಿ ಸ್ಟೋರಿ ಮೇಲೆ ಸ್ಟೋರಿ ಹಾಕಿದ್ಲು. 1933 ಆದ್ಮೇಲೆ ಅದು ತುಂಬಿ ಹರಿದಿದ್ದೇ 2022ರಲ್ಲಿ, ಈಗ ಇನ್ನೊಂದು ಸಲ. ನಾನೂ ಲೈಕ್ ಒತ್ತಿದೆ. ಆ ನೀರು ಹಿರಿಯೂರಿನ ಕಡೆ ಇಳಿಯುತ್ತೆ, ನಮ್ಮ ಬಂಡೆ ಹತ್ತಿ ಬರಲ್ಲ.

ಅದೇ ಹೊತ್ತಿಗೆ ನನ್ನ ಮೈ ಕೈಕೊಡೋಕೆ ಶುರುವಾಯ್ತು. ಮುಟ್ಟು ಎರಡು ತಿಂಗಳಿಗೊಮ್ಮೆ, ಹೊಟ್ಟೆ ಉರಿ, ಹಗಲು ನಾಲ್ಕು ಗಂಟೆಗಿಂತ ಜಾಸ್ತಿ ನಿದ್ದೆ ಬರ್ತಿರಲಿಲ್ಲ. ಡಾಕ್ಟರು ಮಾತ್ರೆ ಬರೆಯೋಕೆ ಮುಂಚೆ ಕೇಳಿದ್ದು, "ಶಿಫ್ಟ್ ಬದಲಾಯಿಸ್ಕೊಳ್ಳೋಕೆ ಆಗುತ್ತೇನಮ್ಮಾ?"

ಮ್ಯಾನೇಜರ್ ಹತ್ರ ಹೋದೆ. ಜಗಳಕ್ಕೆ ರೆಡಿಯಾಗೇ ಹೋಗಿದ್ದೆ. ಅವರು ಸುಲಭವಾಗಿ ಒಪ್ಪಿಬಿಟ್ರು. "ಮುಂದಿನ ತಿಂಗಳಿಂದ ಡೇ ಶಿಫ್ಟ್ ಟೀಮಲ್ಲಿ ಒಂದು ಸೀಟ್ ಇದೆ, ಮೇಲ್ ಹಾಕಿ" ಅಂದ್ರು.

ಅವತ್ತು ಪಿಜಿಗೆ ಬಂದು ನೋಟ್‌ಬುಕ್ ತೆಗೆದು ಲೆಕ್ಕ ಹಾಕಿದೆ. ಎರಡು ಹೈಕ್ ಆಗಿ ನನ್ನ ಸಂಬಳ 29,800 ಆಗಿತ್ತು. ಕಂತು 10,253. ಪಿಜಿ 9,000. ಮನೆಗೆ 7,000. ಬಸ್ಸು, ಫೋನು, ಔಷಧಿ, ಬಾಕಿ ಎಲ್ಲಾ 4,000. ಒಟ್ಟು 30,253. ಅಂದ್ರೆ ಹಗಲಿಗೆ ಬಂದ್ರೆ ಪ್ರತಿ ತಿಂಗಳು 453 ರೂಪಾಯಿ ಸಾಲಲ್ಲ.

ನಾನು ಮೇಲ್ ಹಾಕಲಿಲ್ಲ. ಆ ಸೀಟು ಬೇರೆಯವರಿಗೆ ಹೋಯ್ತು. 453 ರೂಪಾಯಿಗೆ ನಾನೇ ನನ್ನ ಕೈಯಾರೆ ಇನ್ನೊಂದು ವರ್ಷದ ರಾತ್ರಿಗಳನ್ನ ಬರೆದುಕೊಟ್ಟೆ.

6/9
ನೀವು ಹೇಳಬಹುದು, ಮನೆಗೆ ಕಳಿಸೋದ್ರಲ್ಲಿ ಐನೂರು ಕಮ್ಮಿ ಮಾಡಿದ್ರೆ ಆಗ್ತಿತ್ತಲ್ವಾ ಅಂತ. ಆಗ್ತಿತ್ತು. ಆದ್ರೆ ಹಾಗೆ ಮಾಡಿದ್ರೆ ಮಿಕ್ಕಿದ್ದು ಸೊನ್ನೆ. ಅಂಗಡಿ ಸಾಲ ಹಾಗೇ ಇದೆ, ತಮ್ಮನ ಫೀಸ್ ಜೂನ್‌ಗೆ ಬರುತ್ತೆ, ಯಾರಿಗಾದ್ರೂ ಹುಷಾರು ತಪ್ಪಿದ್ರೆ ಮತ್ತೆ ಆ್ಯಪ್. ಹೀಗೆ ಯೋಚನೆ ಮಾಡಿ ಮಾಡಿ ನಾನು ರಾತ್ರಿಯಲ್ಲೇ ಉಳ್ಕೊಂಡೆ.

ಕಂಪನಿ ನನ್ನ ಕಟ್ಟಿಹಾಕಿರಲಿಲ್ಲ ಅಂದ ಮಾತ್ರಕ್ಕೆ ಕಂಪನಿ ಸಾಚಾ ಅಂತಲ್ಲ. ರಾತ್ರಿ ಕೆಲಸದ ಬೆಲೆನ ಸಂಬಳದೊಳಗೆ ಸೇರಿಸದೆ ಹೊರಗಡೆ ಚಿಲ್ಲರೆ ಥರ ಇಟ್ಟಿರೋದು ಅವರ ಜಾಣತನ. ಸೇರಿಸಿದ್ರೆ ಪಿಎಫ್ ಕಟ್ಟಬೇಕು, ಹೈಕ್ ಕೊಡಬೇಕು, ರಜಾ ದಿನಕ್ಕೂ ಕೊಡಬೇಕು. 2007ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ನೈಟ್ ಶಿಫ್ಟ್ ಕೆಲಸನ "ಕ್ಯಾನ್ಸರ್ ತರುವ ಸಂಭವ ಇರುವ" ಪಟ್ಟಿಗೆ ಸೇರಿಸ್ತು. 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲೇ ಉಳಿಸ್ತು. ಮಾಡಿದವರಿಗೆಲ್ಲ ಬಂದೇ ಬರುತ್ತೆ ಅಂತ ಅದರ ಅರ್ಥ ಅಲ್ಲ, ಗಾಬರಿ ಬೀಳಬೇಡಿ. ಆದ್ರೆ ಮುನ್ನೂರು ರೂಪಾಯಿ ಯಾತಕ್ಕೆ ಕೊಡ್ತಿದ್ದಾರೆ ಅನ್ನೋದು ಗೊತ್ತಿರಲಿ. ಅದು ಬಹುಮಾನ ಅಲ್ಲ, ನಿಮ್ಮ ಮೈ ಸವೆಯೋದಕ್ಕೆ ಕೊಡೋ ಬಾಡಿಗೆ.

ಇನ್ನೊಂದು ಸಣ್ಣ ವಿಷಯ. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48, ಅದರ ಮೇಲೆ ದುಡಿಸಿದ್ರೆ ಎರಡರಷ್ಟು ಕೂಲಿ ಅಂತ ಅದರಲ್ಲಿದೆ. 2025ರಲ್ಲಿ ದಿನದ ಮಿತಿನ ಹತ್ತು ಗಂಟೆಗೆ, ಓಟಿ ಸೇರಿ ಹನ್ನೆರಡಕ್ಕೆ ಏರಿಸೋ ಪ್ರಸ್ತಾಪ ಬಂದಾಗ ಐಟಿ ನೌಕರರ ಸಂಘ ಬೀದಿಗಿಳಿದಿತ್ತು. ನಮ್ಮ ಟೀಮಲ್ಲಿ ಆ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ, ನಾನೂ ಸೇರಿ. ಎಲ್ಲರಿಗೂ ಕಂತು ಇತ್ತು. ಸಾಲ ಇರೋರಿಗೆ ಬಾಯಿ ಇರಲ್ಲ ಅಂತ ಅಜ್ಜಿ ಹೇಳ್ತಿದ್ದಿದ್ದು ಇದಕ್ಕೇ ಇರಬೇಕು.

7/9
ಅಜ್ಜಿ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಬರೆಯೋದೋ ಬೇಡವೋ ಅಂತ ತುಂಬಾ ದಿನ ಯೋಚಿಸಿದ್ದೆ.

2024ರ ನವೆಂಬರ್. ಆಗಷ್ಟೇ ಅಮೆರಿಕದವರು ಗಡಿಯಾರ ತಿರುಗಿಸಿದ್ರು. ನಾನು 4:30ಕ್ಕೆ ಶಿಫ್ಟ್ ಮುಗಿಸಿ, ಐದೂಮುಕ್ಕಾಲಿಗೆ ಪಿಜಿ ಸೇರಿ, ಕಿಟಕಿಗೆ ಬೆಡ್‌ಶೀಟ್ ಕಟ್ಟಿ, ಫೋನ್ ಸೈಲೆಂಟ್ ಮಾಡಿ ಮಲಗಿದೆ. ಒಂಬತ್ತು ಗಂಟೆಗೆ ಅಜ್ಜಿ ಹೋದ್ರು. ನಾನು ಎದ್ದಿದ್ದು ಮಧ್ಯಾಹ್ನ ಎರಡೂವರೆಗೆ. ಹತ್ತೊಂಬತ್ತು ಮಿಸ್ಡ್ ಕಾಲ್.

ಮೆಜೆಸ್ಟಿಕ್ ತನಕ ಟ್ರಾಫಿಕ್, ಅಲ್ಲಿಂದ ಹಿರಿಯೂರು, ಹಿರಿಯೂರಲ್ಲಿ ಇಳಿದು ಹೊಸದುರ್ಗದ ಬಸ್ಸು. ಹೊತ್ತು ಮುಳುಗೋ ತನಕ ಕಾದ್ರಂತೆ. ನಾನು ತೋಟಕ್ಕೆ ಕಾಲಿಟ್ಟಾಗ ರಾತ್ರಿ ಒಂಬತ್ತೂಮುಕ್ಕಾಲು. ಮಣ್ಣು ಹಸಿಯಿತ್ತು, ಮೇಲೆ ಚೆಂಡು ಹೂವು. ನಂಗೆ ಮಣ್ಣು ಹಾಕೋಕೂ ಸಿಗಲಿಲ್ಲ. ಅಮ್ಮ ಬೈಲಿಲ್ಲ. "ನಿದ್ದೆಲಿದ್ದೆ ಅಂತ ಗೊತ್ತಿತ್ತು ಕಣೇ, ಅದ್ಕೇ ಪಿಜಿ ಆಂಟಿಗೆ ಮಾಡೋದು ಬೇಡ ಅಂದೆ" ಅಂದ್ಲು. ಅದು ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು.

ಬೆಂಗಳೂರಿಂದ ಊರು ಇನ್ನೂರು ಚಿಲ್ಲರೆ ಕಿಲೋಮೀಟರ್. ದುಬೈಗೆ ಹೋದೋರ ಥರ ಅಳೋ ದೂರ ಅಲ್ಲ ಅದು. ಆದ್ರೆ ಅಮ್ಮ ಫುಲ್ ಎದ್ದಿರೋವಾಗ ನಾನು ಮಲಗಿರ್ತೀನಿ. ನಾನು ಎದ್ದು ಸಂಜೆ ಐದೂವರೆಗೆ ಫೋನ್ ಮಾಡಿದ್ರೆ ಅವಳು ಹಾಲು ಕರೀತಿರ್ತಾಳೆ, ಸ್ಪೀಕರ್ ಹಾಕಿ ಕೊಟ್ಟಿಗೆ ಗೂಟದ ಮೇಲೆ ಫೋನ್ ಇಟ್ಟು ಹೂಂ ಹೂಂ ಅಂತಾಳೆ. ಶನಿವಾರ ಬೆಳಗಿನ ಜಾವ ಶಿಫ್ಟ್ ಮುಗಿಸಿ ಸೀದಾ ಬಸ್ ಹತ್ತಿದ್ರೆ ಊರಲ್ಲಿ ಇಡೀ ಹಗಲು ನಿದ್ದೆ. ಎದ್ದಾಗ ಊರು ಮಲಗೋ ಹೊತ್ತು.

ಆಮೇಲೆ ಒಂದು ಕೆಲಸ ಮಾಡಿದೆ, ನೀವು ಇವತ್ತೇ ಮಾಡಿ. ಫೋನಿನ ಡು ನಾಟ್ ಡಿಸ್ಟರ್ಬ್ ಸೆಟ್ಟಿಂಗಲ್ಲಿ ಇಬ್ಬರು ಮೂವರನ್ನ ಫೇವರಿಟ್ ಮಾಡಿ, ಅವರ ಕಾಲ್ ಮಾತ್ರ ರಿಂಗ್ ಆಗೋ ಹಾಗೆ ಇಡಬಹುದು. ಹಾಗೇ ಒಬ್ಬರೇ ಹದಿನೈದು ನಿಮಿಷದೊಳಗೆ ಎರಡನೇ ಸಲ ಮಾಡಿದ್ರೆ ರಿಂಗ್ ಆಗೋ ಹಾಗೂ ಇಡಬಹುದು. ಪಿಜಿ ಆಂಟಿ ನಂಬರ್ ಅಮ್ಮನ ಹತ್ರ ಇತ್ತು, ಎಬ್ಬಿಸಿ ಅಂತ ಹೇಳೋ ಹಕ್ಕು ಕೊಟ್ಟಿರಲಿಲ್ಲ. ಈಗ ಕೊಟ್ಟಿದ್ದೀನಿ.

ಅವತ್ತಿನ ತಿಂಗಳು ಐದು ರಾತ್ರಿ ರಜಾ. ಅಲೋಯನ್ಸಲ್ಲಿ 1,500 ಕಟ್. ಕಂತು ಮಾತ್ರ ಪೂರ್ತಿ 10,253.

8/9
ಊರಿನ ಕೆಲವರು ಕಾಮೆಂಟ್ ಹಾಕ್ತಾರೆ ಅಂತ ಗೊತ್ತು. "ಎಸಿಲಿ ಕೂತು ದುಡಿಯೋರಿಗೆ ಏನ್ ಕಷ್ಟ ತಾಯಿ?" ಸರಿಯಾದ ಪ್ರಶ್ನೆ. ನಮ್ಮಪ್ಪನೂ ನೈಟ್ ಶಿಫ್ಟ್ ಮಾಡ್ತಾರೆ. ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ಕರೆಂಟ್ ಪಾಳಿ ಮೇಲೆ ಬರುತ್ತೆ, ಎಷ್ಟೋ ವಾರ ರಾತ್ರಿ ಪಾಳಿ. ನಾನು ಹುಟ್ಟೋಕೆ ಮುಂಚಿಂದ ಬ್ಯಾಟರಿ ಹಿಡ್ಕೊಂಡು, ಹಾವು ಕರಡಿ ಅಂತ ಹೆದರದೆ, ತೋಟಕ್ಕೆ ಹೋಗಿ ಮೋಟಾರು ಆನ್ ಮಾಡಿ ಬರ್ತಾರೆ. ಒಂದ್ಸಲ ನನ್ನ ಪೇಸ್ಲಿಪ್ ಓದಿ ಹೇಳಿದಾಗ ನಗಾಡಿದ್ರು, "ರಾತ್ರಿ ಎದ್ದಿದ್ದಕ್ಕೂ ದುಡ್ಡು ಕೊಡ್ತಾರಾ ನಿಮ್ಮೋರು? ಹಂಗಾರೆ ನಂಗೆ ಎಷ್ಟು ಬರಬೇಕಾಗಿತ್ತು ಲೆಕ್ಕ ಹಾಕು." ಲೆಕ್ಕ ಹಾಕಲಿಲ್ಲ. ಹಾಕಿದ್ರೆ ತಡ್ಕೊಳ್ಳೋಕೆ ಆಗ್ತಿರಲಿಲ್ಲ.

ಅದಕ್ಕೇ ನಾನು ಹೇಳೋದು. ಅಪ್ಪನ ರಾತ್ರಿಯಿಂದ ಬಿಡುಗಡೆ ಆಗ್ಲಿ ಅಂತ ತಾನೇ ನಮ್ಮನ್ನ ಓದಿಸಿದ್ದು? ಅದೇ ರಾತ್ರಿನ ಇಂಗ್ಲಿಷಲ್ಲಿ ಮಾಡಿ, ಅದರ ದುಡ್ಡನ್ನ ಅದೇ ಬೋರಿಗೆ ಸುರಿದ್ರೆ, ಇಬ್ಬರೂ ಎದ್ದಿರ್ತೀವಿ, ಇಬ್ಬರಿಗೂ ನೀರಿಲ್ಲ.

ಜೂನಿಯರ್‌ಗೆ ನಾನು ಕೊನೆಗೆ ಹೇಳಿದ್ದು ಇಷ್ಟು. ಆಫರ್ ಒಪ್ಪೋಕೆ ಮುಂಚೆ ಎಚ್‌ಆರ್‌ಗೆ ಫೋನಲ್ಲಿ ಅಲ್ಲ, ಮೇಲಲ್ಲಿ ಕೇಳು. ನೈಟ್ ಅಲೋಯನ್ಸ್ ಇಲ್ಲದೆ ಕೈಗೆ ಎಷ್ಟು ಬರುತ್ತೆ? ಅಲೋಯನ್ಸ್ ರಾತ್ರಿ ಲೆಕ್ಕವೋ, ತಿಂಗಳ ಲೆಕ್ಕವೋ? ಎಷ್ಟು ತಿಂಗಳಿಗೆ ರೊಟೇಷನ್? ಹಿರಿಯೂರಿನ ಗೆಳತಿ ಈ ಕೊನೇ ಪ್ರಶ್ನೆ ಒಂದನ್ನ ಸೇರೋ ಮುಂಚೆನೇ ಕೇಳಿ ಉತ್ತರ ಬರೆಸಿಕೊಂಡಿದ್ಲು. ಅವಳಿಗೆ ಮೂರು ತಿಂಗಳು ರಾತ್ರಿ, ಮೂರು ತಿಂಗಳು ಹಗಲು. ನಾನು ಕೇಳಿರಲಿಲ್ಲ, ನಂಗೆ ನಾಲ್ಕು ವರ್ಷವೂ ರಾತ್ರಿ.

ಆಮೇಲೆ ಅಲೋಯನ್ಸ್ ದುಡ್ಡು ಬಿದ್ದ ದಿನವೇ ಬೇರೆ ಖಾತೆಗೆ ಹಾಕು. ಮನೆಗೆ ಸಂಬಳ ಎಷ್ಟು ಅಂತ ಕೇಳಿದ್ರೆ ಅದನ್ನ ಬಿಟ್ಟು ಹೇಳು, ಅದು ಸುಳ್ಳಾಗಲ್ಲ. ಆ ಖಾತೆಯಿಂದ ಒಂದೇ ಸಲ ಕೊಟ್ಟು ಮುಗಿಯೋದನ್ನ ಮಾಡು, ತಮ್ಮನ ಫೀಸು, ಅಮ್ಮನ ಕಣ್ಣಿನ ಆಪರೇಷನ್ನು, ಏನಾದ್ರೂ. ತಿಂಗಳು ತಿಂಗಳು ಕಟ್ಟೋ ಯಾವುದನ್ನೂ ಅದರ ಮೇಲೆ ನಿಲ್ಲಿಸಬೇಡ, ಬೈಕೂ ಬೇಡ, ಫೋನೂ ಬೇಡ. ಹೊಳಲ್ಕೆರೆಯ ಗೆಳೆಯನ ಬುಲೆಟ್ ಕಂತು ನನ್ನ ಬೋರಿನ ಕಂತಿಗಿಂತ ಸಣ್ಣದು, ಆದ್ರೂ ಅವನೂ ರಾತ್ರಿಲೇ ಇದ್ದಾನೆ.

9/9
ಇನ್ನು ಬೋರು. ಈ ವರ್ಷ ಮಾರ್ಚಲ್ಲಿ ಅಪ್ಪ ಮೂರನೇ ಪಾಯಿಂಟ್ ನೋಡಿಸಿದ್ರು. "ಈ ಸಲ ಸಾವಿರದಿನ್ನೂರು ಅಡಿಗೆ ಹೋದ್ರೆ ಗ್ಯಾರಂಟಿ ಅಂತೆ ಮಗಾ. ಒಂದು ಎರಡು ಲಕ್ಷ ಆಗುತ್ತಾ?"

ನಾನು ಇಲ್ಲ ಅಂದೆ. ಜೀವನದಲ್ಲಿ ಮೊದಲನೇ ಸಲ.

ಸುಮ್ಮನೆ ಇಲ್ಲ ಅನ್ನಲಿಲ್ಲ. ಎರಡು ಶನಿವಾರ ನಿದ್ದೆಗೆಟ್ಟು ಓಡಾಡಿದ್ದೆ. ಸೊಸೈಟಿಲಿ ಬೆಳೆ ಸಾಲ ಐದು ಲಕ್ಷದ ತನಕ ಬಡ್ಡಿ ಇಲ್ಲದೆ, ತೋಟ ಅಭಿವೃದ್ಧಿಯಂಥ ದೊಡ್ಡ ಸಾಲ 3 ಪರ್ಸೆಂಟಿಗೆ ಅಂತ 2023ರಿಂದ ಸರ್ಕಾರದ ಯೋಜನೆ ಇದೆ. ಕೇಳಿದಷ್ಟೂ ಸಿಗಲ್ಲ, ಷೇರು, ಪಹಣಿ, ಹಳೇ ಬಾಕಿ ಎಲ್ಲಾ ನೋಡ್ತಾರೆ, ತಿಂಗಳುಗಟ್ಟಲೆ ಆಗುತ್ತೆ. ಆದ್ರೂ 14 ಎಲ್ಲಿ, 3 ಎಲ್ಲಿ? ನಾನು ಕೇಳಿದ್ದು, ಇನ್ನೊಂದು ತೂತು ಕೊರೆಯೋದು ಬಿಟ್ಟು ಇರೋ ಅರ್ಧ ಇಂಚನ್ನ ಹಿಡಿದಿಡೋಣ ಅಂತ. ರಾತ್ರಿ ಬರೋ ನೀರನ್ನ ತಾಡಪಾಲು ಹಾಸಿದ ಹೊಂಡಕ್ಕೆ ಬಿಟ್ಟು, ಹಗಲು ಡ್ರಿಪ್ಪಲ್ಲಿ ತೆಂಗಿಗೆ ಕೊಡೋಣ. ಅಡಿಕೆ ಬಿಡೋಣ. ಕೃಷಿ ಇಲಾಖೆಲಿ ಹೊಂಡಕ್ಕೆ ಅರ್ಜಿ ಹಾಕೋಣ. ಫೇಲಾದ 780 ಅಡಿ ಬೋರಿನ ಸುತ್ತ ಗುಂಡಿ ತೆಗೆದು ಕಲ್ಲು, ಜಲ್ಲಿ, ಮರಳು ತುಂಬಿ ಮಳೆ ನೀರು ಇಂಗಿಸೋಣ. ಇದರಿಂದ ಎಷ್ಟು ನೀರು ವಾಪಸ್ ಬರುತ್ತೆ ಅಂತ ನಾನು ಮಾತು ಕೊಡಲ್ಲ. ಆದ್ರೆ ಇದು ಮುಗ್ಗರಿಸಿದ್ರೂ ಎರಡು ಲಕ್ಷ ಮುಳುಗಲ್ಲ.

ಅಪ್ಪನಿಗೆ ಕೋಪ ಬಂದಿದ್ದು ಹೊಂಡಕ್ಕಲ್ಲ, ಅಡಿಕೆ ಬಿಡೋಣ ಅಂದಿದ್ದಕ್ಕೆ. "ಬೆಂಗ್ಳೂರಲ್ಲಿ ಕೂತು ನನ್ನ ತೋಟ ಅಳೀತೀಯಾ?" ಅಂತ ಫೋನ್ ಇಟ್ಟರು.

ಮಾರನೇ ದಿನ ನಾನು ಆ ಮೇಲ್ ಹಾಕಿದೆ. ಹೋದ ವರ್ಷ ಹಾಕದೇ ಬಿಟ್ಟಿದ್ದನಲ್ಲ, ಅದೇ. ಈ ಸಲ ಸೀಟು ತಕ್ಷಣ ಇರಲಿಲ್ಲ. ಜುಲೈಯಿಂದ ಡೇ ಶಿಫ್ಟ್ ಅಂತ ಉತ್ತರ ಬಂದಿದೆ. ಲೆಕ್ಕ ಹೀಗೆ. ಏಪ್ರಿಲ್ ಹೈಕ್ ಸೇರಿ ಸಂಬಳ 31,900. ಪಿಜಿ ಬಿಟ್ಟು ಇಬ್ಬರು ಗೆಳತಿಯರ ಜೊತೆ ಮನೆ ಮಾಡಿದ್ದೀನಿ, ನನ್ನ ಪಾಲು ಊಟ ಸೇರಿ 8,200. ಮನೆಗೆ ಅದೇ 7,000, ಬಾಕಿ ಖರ್ಚು 4,000, ಕಂತು 10,253. ಉಳಿಯೋದು 2,447. ಕಂತು ಇನ್ನು ಹನ್ನೊಂದಿದೆ. ಜುಲೈ ತನಕ ಬರೋ ಅಲೋಯನ್ಸ್ ಎಲ್ಲಾ ಮೋಟಾರಿನ ಅಂಗಡಿ ಸಾಲಕ್ಕೆ, ಅದರೊಂದಿಗೆ ಅದು ಮುಗಿಯುತ್ತೆ.

ಕೊನೇ ಫೋಟೋ ಅಮ್ಮ ನಿನ್ನೆ ಕಳಿಸಿದ್ದು. ಅಪ್ಪ ಇನ್ನೂ ನನ್ನ ಹತ್ರ ಮಾತಾಡಿಲ್ಲ, ಇಪ್ಪತ್ತು ದಿನ ಆಯ್ತು. ಫೋಟೋದಲ್ಲಿ ಮೂರನೇ ಪಾಯಿಂಟಿಗೆ ಇಟ್ಟ ಸುಣ್ಣ ಬಳಿದ ಕಲ್ಲು ಹಾಗೇ ಇದೆ. ಅದರ ಆಚೆ, ಫೇಲಾದ ಬೋರಿನ ಹತ್ರ, ಯಾರೋ ಗುದ್ದಲಿ ಹಾಕಿ ಒಂದು ಮೊಣಕಾಲುದ್ದ ಗುಂಡಿ ತೆಗೆದಿದ್ದಾರೆ. ಯಾರು ತೆಗೆದಿದ್ದು ಅಂತ ಕೇಳ್ದೆ. ಅಮ್ಮ "ನೀನೇ ಬಂದು ಕೇಳು" ಅಂತ ಬರೆದಿದ್ದಾಳೆ.